ವಿನೆಗರ್ ಹಾಕಿದರೂ ಹೋಗದ ಬಿಳಿ ಪೊರೆ: ಇಪ್ಪತ್ತು ಲೋಟಗಳ ಒಂದು ಪ್ರಕರಣ

ಚಿಕ್ಕಮ್ಮ ಹೊಸ ಮನೆಗೆ ಹೋಗಿ ಎಂಟು ತಿಂಗಳಾಗಿತ್ತು. ನಾನು ಹೋದಾಗ ಗಾಜಿನ ಲೋಟದಲ್ಲಿ ನೀರು ತಂದುಕೊಟ್ಟರು. ಕೊಡುವಾಗಲೇ ಸ್ವಲ್ಪ ಮುಜುಗರದಿಂದ, "ತೊಳೆದಿದ್ದೀನಿ ಕಣೋ, ಕೊಳೆ ಅಲ್ಲ ಅದು" ಅಂದರು. ಲೋಟವನ್ನು ಕಿಟಕಿ ಕಡೆ ಹಿಡಿದು ನೋಡಿದೆ. ಒಳಗೂ ಹೊರಗೂ ಹಾಲು ಸವರಿ ಒಣಗಿಸಿದ ಹಾಗೆ ಮಸುಕು. ನೀರಿದ್ದ ಭಾಗ ಮಾತ್ರ ತಕ್ಕಮಟ್ಟಿಗೆ ತಿಳಿಯಾಗಿ ಕಾಣುತ್ತಿತ್ತು. ಕುಡಿದು ಇಟ್ಟು, ಒಣಗಿದ ಮೇಲೆ ನೋಡಿದರೆ ಮತ್ತೆ ಅದೇ ಮಸುಕು.

ಗಡಸು ನೀರು ಅಂತ ಅವರಿಗೂ ಗೊತ್ತಿತ್ತು. ಎಲ್ಲರೂ ಹೇಳುವ ಮದ್ದನ್ನೂ ಮಾಡಿ ನೋಡಿದ್ದರು. ಬಟ್ಟಲಲ್ಲಿ ವಿನೆಗರ್ ಹಾಕಿ ಲೋಟಗಳನ್ನು ಇಡೀ ರಾತ್ರಿ ನೆನೆಸಿದ್ದರು. ಬೆಳಗ್ಗೆ ಅಲ್ಲಲ್ಲಿ ಚುಕ್ಕೆ ಚುಕ್ಕೆಯಾಗಿ ತಿಳಿಯಾಗಿತ್ತೇ ಹೊರತು ಉಳಿದದ್ದು ಹಾಗೇ ಇತ್ತು. ಜೊತೆಗೆ ಮುಟ್ಟಿದರೆ ಜಿಡ್ಡು ಜಿಡ್ಡು. ಬೇಸರವಾಗಿ ಎರಡು ಲೋಟವನ್ನು ಸ್ಟೀಲ್ ನಾರಿನಿಂದ ಉಜ್ಜಿದ್ದರು. ಅವು ಇನ್ನೂ ಕೆಟ್ಟವು. ಸ್ಟೀಲ್ ಲೋಟಗಳಿಗೆ ಬ್ಲೀಚ್ ಹಾಕಿ ನೋಡುವ ಯೋಚನೆಯಲ್ಲಿದ್ದರು. ಒಳ್ಳೆಯದಾಯಿತು, ಅಷ್ಟರಲ್ಲಿ ನಾನು ಹೋದೆ. ಸ್ಟೀಲಿನ ಮೇಲೆ ಬ್ಲೀಚ್ ಬಿಟ್ಟರೆ ಸಣ್ಣ ಸಣ್ಣ ತೂತಿನಂಥ ಗುಳಿ ಬೀಳುತ್ತವೆ, ಅವು ಮತ್ತೆ ತುಂಬಿಕೊಳ್ಳುವುದಿಲ್ಲ. ವಿನೆಗರ್ ಹಾಕಿದ ಪಾತ್ರೆಗೇ ಬ್ಲೀಚ್ ಸುರಿದರಂತೂ ಕ್ಲೋರಿನ್ ಅನಿಲ ಏಳುತ್ತದೆ. ಅದು ಶ್ವಾಸಕ್ಕೆ ಹೋದರೆ ಅಪಾಯ. ಇವೆರಡನ್ನೂ ಯಾವತ್ತೂ ಸೇರಿಸಬಾರದು.

ಒಟ್ಟು ಹನ್ನೆರಡು ಗಾಜಿನ ಲೋಟ, ಎಂಟು ಸ್ಟೀಲ್ ಲೋಟ. ಎಲ್ಲವನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟೆವು. ವಿನೆಗರ್ ಯಾಕೆ ಕೈಕೊಟ್ಟಿತು ಅನ್ನುವುದೇ ನನ್ನ ಪ್ರಶ್ನೆಯಾಗಿತ್ತು. ಯಾಕೆಂದರೆ ಸುಣ್ಣದ ಪೊರೆಯಾಗಿದ್ದರೆ ಅದು ಹೋಗಲೇಬೇಕಿತ್ತು.

ಇಲ್ಲಿ ಸ್ವಲ್ಪ ಲೆಕ್ಕ ಹಾಕಿದರೆ ವಿಷಯ ಸ್ಪಷ್ಟವಾಗುತ್ತದೆ. ಗಡಸುತನ ನೋಡುವ ಪಟ್ಟಿಯನ್ನು ನಲ್ಲಿ ನೀರಲ್ಲಿ ಅದ್ದಿದೆವು. ಬಣ್ಣ, ಸುಣ್ಣದ ಲೆಕ್ಕದಲ್ಲಿ, ಲೀಟರಿಗೆ 350 ಮಿಲಿಗ್ರಾಂ ಆಸುಪಾಸು ತೋರಿಸಿತು. 180 ದಾಟಿದರೇ ತುಂಬಾ ಗಡಸು ಅನ್ನುತ್ತಾರೆ, ಇದು ಅದರ ಹತ್ತಿರ ಹತ್ತಿರ ಎರಡರಷ್ಟು. ಲೋಟ ತೊಳೆದು ಬೋರಲು ಹಾಕಿದಾಗ ಅದರ ಮೈಗೆ ಅಂಟಿಕೊಂಡು ಉಳಿಯುವ ನೀರು ಅರ್ಧ ಮಿಲಿಲೀಟರ್ ಅಂತ ಇಟ್ಟುಕೊಳ್ಳೋಣ. ಆ ನೀರು ಒಣಗಿದಾಗ ನೀರಷ್ಟೇ ಹಾರಿಹೋಗುತ್ತದೆ. ಅದರಲ್ಲಿ ಕರಗಿದ್ದ ಕ್ಯಾಲ್ಸಿಯಂ ಬೈಕಾರ್ಬೊನೇಟು ಒಡೆದು, ಕರಗದ ಕ್ಯಾಲ್ಸಿಯಂ ಕಾರ್ಬೊನೇಟ್, ಅಂದರೆ ಸುಣ್ಣದ ಕರೆ, ಆಗಿ ಅಲ್ಲೇ ಕೂರುತ್ತದೆ. ಒಂದು ಸಲಕ್ಕೆ ಒಂದು ಮಿಲಿಗ್ರಾಂನ ಐದನೇ ಒಂದು ಭಾಗದಷ್ಟೂ ಇಲ್ಲ. ಆದರೆ ದಿನಕ್ಕೆ ಮೂರು ಸಲದಂತೆ ಎಂಟು ತಿಂಗಳಾದರೆ ಸುಮಾರು 125 ಮಿಲಿಗ್ರಾಂ. ಉಜ್ಜುವಾಗ ಒಂದಷ್ಟು ಹೋಗುತ್ತದೆ ಅಂದುಕೊಂಡರೂ, ಲೋಟದ ಮೈತುಂಬ ತೆಳ್ಳಗೆ ಹರಡಿಕೊಳ್ಳಲು ಉಳಿದದ್ದು ಧಾರಾಳ ಸಾಕು.

ಈಗ ವಿನೆಗರ್ ಕಡೆಯಿಂದ ಲೆಕ್ಕ ನೋಡಿ. ಅಡುಗೆಯ ವಿನೆಗರಿನಲ್ಲಿ ಸುಮಾರು 5 ಶೇಕಡಾ ಅಸಿಟಿಕ್ ಆಮ್ಲ ಇರುತ್ತದೆ. ಒಂದು ಟೀ ಚಮಚ ವಿನೆಗರಿಗೆ, ಲೆಕ್ಕದ ಪ್ರಕಾರ, 200 ಮಿಲಿಗ್ರಾಂ ಸುಣ್ಣ ಕರಗಿಸುವ ಶಕ್ತಿ ಇದೆ. ಅಂದರೆ ಒಂದು ಲೋಟದ ಪೊರೆ ತೆಗೆಯಲು ಒಂದೇ ಚಮಚ ಸಾಕು. ಚಿಕ್ಕಮ್ಮ ಬಟ್ಟಲುಗಟ್ಟಲೆ ಸುರಿದು ರಾತ್ರಿಯಿಡೀ ಬಿಟ್ಟಿದ್ದರು. ಹಾಗಾದರೆ ಆಮ್ಲ ಕಡಿಮೆಯಾಗಿದ್ದಲ್ಲ. ಆಮ್ಲ ಸುಣ್ಣವನ್ನು ಮುಟ್ಟಿಯೇ ಇರಲಿಲ್ಲ.

ಮುಟ್ಟದ ಹಾಗೆ ಅಡ್ಡ ಇದ್ದದ್ದು ಏನು? ಸಿಂಕಿನ ಪಕ್ಕ ಕಣ್ಣು ಹಾಯಿಸಿದಾಗ ಉತ್ತರ ಸಿಕ್ಕಿತು. ಸ್ನಾನದ ಸೋಪಿನ ಉಳಿದ ಚೂರುಗಳನ್ನೆಲ್ಲ ಒಂದು ಡಬ್ಬಿಯಲ್ಲಿ ನೀರು ಹಾಕಿ ನೆನೆಸಿಟ್ಟಿದ್ದರು. ಲೋಟ ತೊಳೆಯುತ್ತಿದ್ದದ್ದು ಅದರಲ್ಲೇ. ದಂಡ ಮಾಡಬಾರದು ಅನ್ನುವ ಒಳ್ಳೆಯ ಅಭ್ಯಾಸ, ಅಲ್ವಾ? ಆದರೆ ಕೊಬ್ಬಿನಿಂದ ಮಾಡಿದ ಸೋಪು ಗಡಸು ನೀರಿನ ಕ್ಯಾಲ್ಸಿಯಂ ಜೊತೆ ಸೇರಿದರೆ ನೊರೆ ಬರುವುದಿಲ್ಲ. ಹಾಲು ಒಡೆದ ಹಾಗೆ ಬಿಳಿ ಕರಣೆಯಾಗುತ್ತದೆ. ಅದು ನೀರಲ್ಲಿ ಕರಗುವುದಿಲ್ಲ, ಲೋಟಕ್ಕೆ ಹೋಗಿ ಅಂಟುತ್ತದೆ.

ಅವರಿಗೆ ಇದನ್ನು ಕಣ್ಣಾರೆ ತೋರಿಸಬೇಕು ಅನ್ನಿಸಿತು. ಎರಡು ಬಾಟಲಿ ತಗೊಂಡೆ. ಒಂದರಲ್ಲಿ ನಲ್ಲಿ ನೀರು, ಇನ್ನೊಂದರಲ್ಲಿ ಕುಡಿಯುವ ಫಿಲ್ಟರ್ ನೀರು. ಅವರ ಮನೆಯ ಫಿಲ್ಟರು ಲವಣವನ್ನೂ ತೆಗೆಯುವಂಥದ್ದು. ಎರಡಕ್ಕೂ ಉಗುರಿನಷ್ಟು ಸೋಪಿನ ತುರಿ ಹಾಕಿ ಜೋರಾಗಿ ಅಲ್ಲಾಡಿಸಿದೆ. ಫಿಲ್ಟರ್ ನೀರಿನ ಬಾಟಲಿಯಲ್ಲಿ ನೊರೆ ಕತ್ತಿನವರೆಗೆ ಎದ್ದು ನಿಂತಿತು, ಕೆಳಗಿನ ನೀರು ತಿಳಿಯಾಗೇ ಇತ್ತು. ನಲ್ಲಿ ನೀರಿನ ಬಾಟಲಿಯಲ್ಲಿ ನೊರೆಯೇ ಇಲ್ಲ. ನೀರು ಬೆಳ್ಳಗಾಗಿ, ಸಣ್ಣ ಸಣ್ಣ ಚಕ್ಕೆಗಳು ಬಾಟಲಿಯ ಒಳಮೈಗೆ ಅಂಟಿಕೊಂಡು ಕೂತವು. ಚಿಕ್ಕಮ್ಮ ಬಾಟಲಿಯನ್ನು ವಾಲಿಸಿ ವಾಲಿಸಿ ನೋಡಿ, "ಇದನ್ನೇ ನಾನು ದಿನಾ ಲೋಟಕ್ಕೆ ಬಳಿತಾ ಇದ್ದೆನಾ!" ಅಂದರು.

ಹೌದು, ಬಳಿಯುತ್ತಿದ್ದರು. ಅಂದರೆ ಲೋಟದ ಮೇಲೆ ಇದ್ದದ್ದು ಒಂದೇ ಪೊರೆಯಲ್ಲ. ಒಂದು ಪದರ ಸುಣ್ಣ, ಅದರ ಮೇಲೆ ಸೋಪಿನ ಕರಣೆ ಮತ್ತು ಕೈಯ, ತುಟಿಯ ಜಿಡ್ಡು, ಅದರ ಮೇಲೆ ಮತ್ತೆ ಸುಣ್ಣ. ಹೀಗೆ ಎಂಟು ತಿಂಗಳು. ವಿನೆಗರ್ ಆ ಸೋಪಿನ ಕರಣೆಯನ್ನು ಒಡೆಯುತ್ತದೆ ನಿಜ. ಆದರೆ ಒಡೆದಾಗ ಹೊರಬರುವುದು ಮೇಣದಂಥ ಕೊಬ್ಬಿನ ಆಮ್ಲ. ಅದು ನೀರಲ್ಲೂ ಕರಗದು, ವಿನೆಗರಿನಲ್ಲೂ ಕರಗದು. ಚಿಕ್ಕಮ್ಮನ ಕೈಗೆ ಬೆಳಗ್ಗೆ ಜಿಡ್ಡಾಗಿ ಸಿಕ್ಕಿದ್ದು ಅದೇ. ಆ ಮೇಣ ಕೆಳಗಿನ ಸುಣ್ಣಕ್ಕೆ ಹೊದಿಕೆಯಾಗಿ ಕೂತಿತ್ತು.

ಹೀಗೆ ಅಂದುಕೊಂಡದ್ದು ಸರಿಯೇ ಅಂತ ಒಂದು ಲೋಟದ ಮೇಲೆ ಪರೀಕ್ಷೆ ಮಾಡಿದೆವು. ಇದನ್ನು ಯಾರು ಬೇಕಾದರೂ ಮಾಡಬಹುದು, ಎಲ್ಲ ಲೋಟ ನೆನೆಸುವ ಮೊದಲು ಮಾಡುವುದು ಒಳ್ಳೆಯದು. ಮೊದಲು ಪಾತ್ರೆ ತೊಳೆಯುವ ಲಿಕ್ವಿಡ್ ಮೂರು ಹನಿ, ಕೈಗೆ ತಾಳುವಷ್ಟು ಬಿಸಿ ನೀರು, ಮೆತ್ತನೆ ಸ್ಪಂಜು. ಒಳಗೆ ಹೊರಗೆ ಚೆನ್ನಾಗಿ ತೊಳೆದು, ಜಾಲಿಸಿದೆವು. ಈ ಲಿಕ್ವಿಡ್ ಕೊಬ್ಬಿನ ಸೋಪಲ್ಲ, ಡಿಟರ್ಜೆಂಟು. ಗಡಸು ನೀರಿನಲ್ಲಿ ಸೋಪಿನ ಹಾಗೆ ಮೊಸರಾಗುವುದಿಲ್ಲ. ಆಮೇಲೆ ತಟ್ಟೆಯಲ್ಲಿ ಎರಡು ಬೆರಳು ಎತ್ತರಕ್ಕೆ ವಿನೆಗರ್ ಹಾಕಿ, ಲೋಟವನ್ನು ಸ್ವಲ್ಪ ಓರೆಯಾಗಿ ಬಾಯಿ ಕೆಳಗೆ ಮಾಡಿ ಇಟ್ಟೆವು. ಓರೆ ಯಾಕೆಂದರೆ, ನೆಟ್ಟಗೆ ಬೋರಲು ಹಾಕಿದರೆ ಒಳಗೆ ಗಾಳಿ ಸಿಕ್ಕಿಕೊಂಡು ಒಳಮೈಗೆ ವಿನೆಗರ್ ಏರುವುದಿಲ್ಲ.

ಹತ್ತಿರದಿಂದ ನೋಡಿದರೆ, ಒಂದು ನಿಮಿಷದೊಳಗೆ ಗಾಜಿನ ಮೇಲೆ ಸೂಜಿಮೊನೆಯಂಥ ಗುಳ್ಳೆಗಳು ಕಾಣಿಸಿಕೊಂಡವು. ಒಂದೊಂದೇ ಬಿಟ್ಟುಕೊಂಡು ಮೇಲೆ ಬಂದವು. ಸುಣ್ಣ ಕರಗುವಾಗ ಹೊರಬರುವ ಕಾರ್ಬನ್ ಡೈಆಕ್ಸೈಡ್ ಅದು. ಹಿಂದಿನ ಸಲ ಗುಳ್ಳೆ ಬಂದಿತ್ತಾ ಅಂತ ಕೇಳಿದೆ. ಸರಿಯಾಗಿ ನೋಡಲಿಲ್ಲ ಅಂದರು. ಅರ್ಧ ಗಂಟೆ ಬಿಟ್ಟು ತೆಗೆದು, ಜಾಲಿಸಿ, ಒಣ ಬಟ್ಟೆಯಲ್ಲಿ ಒರೆಸಿ, ಕಿಟಕಿಗೆ ಹಿಡಿದೆವು. ಬಾಯಿಯಿಂದ ಎರಡು ಬೆರಳು ಎತ್ತರದವರೆಗೆ ಗಾಜು ಹೊಸದರಂತೆ. ಅಲ್ಲಿ ಗೆರೆ ಎಳೆದ ಹಾಗೆ ನಿಂತು, ಮೇಲೆಲ್ಲ ಹಾಲಿನ ಮಸುಕು. ಆ ಗೆರೆಯೇ ಉತ್ತರ.

ಒಣಗಿಸಿಯೇ ನೋಡಬೇಕು, ಇದು ಮುಖ್ಯ. ಒದ್ದೆ ಇದ್ದಾಗ ಎಲ್ಲ ಲೋಟವೂ ತಿಳಿಯಾಗಿ ಕಾಣುತ್ತದೆ. ಪೊರೆಯ ಉಬ್ಬುತಗ್ಗುಗಳ ಸಂದಿಯನ್ನು ನೀರು ತುಂಬಿಬಿಡುತ್ತದೆ, ಬೆಳಕು ಚದುರುವುದು ಕಡಿಮೆಯಾಗುತ್ತದೆ. ಸುಮ್ನೆ ನಲ್ಲಿ ಕೆಳಗೆ ಹಿಡಿದು "ಹೋಯಿತು" ಅಂದುಕೊಂಡರೆ ಒಣಗಿದಾಗ ನಿರಾಸೆ.

ಇನ್ನು ಉಳಿದ ಕೆಲಸ ಒಂದೇ ಸಲಕ್ಕೆ. ಇಪ್ಪತ್ತು ಲೋಟಕ್ಕೆ ವಿನೆಗರಿನ ವಾಸನೆ ಜಾಸ್ತಿಯಾಗುತ್ತದೆ ಅಂತ ನಿಂಬೆ ಉಪ್ಪು ತಗೊಂಡೆವು. ಅಂಗಡಿಯಲ್ಲಿ ಸಿಟ್ರಿಕ್ ಆಮ್ಲ ಅಂದರೂ ಇದೇ ಹರಳು ಕೊಡುತ್ತಾರೆ. ಒಂದು ಲೀಟರ್ ಉಗುರುಬೆಚ್ಚಗಿನ ನೀರಿಗೆ ಎರಡು ದೊಡ್ಡ ಚಮಚ, ಅಂದರೆ 25 ಗ್ರಾಂ ಆಸುಪಾಸು. ಪ್ಲಾಸ್ಟಿಕ್ ಟಬ್ಬಿನಲ್ಲಿ ಇದೇ ಲೆಕ್ಕದಲ್ಲಿ ಬೇಕಾದಷ್ಟು ಮಾಡಿಕೊಂಡು, ಮೊದಲೇ ಲಿಕ್ವಿಡ್‌ನಲ್ಲಿ ತೊಳೆದು ಜಾಲಿಸಿದ ಲೋಟಗಳನ್ನು ಒಂದಕ್ಕೊಂದು ತಾಗದ ಹಾಗೆ ಮಲಗಿಸಿದೆವು. ಎಲ್ಲವೂ ಪೂರ್ತಿ ಮುಳುಗಬೇಕು. ನೀರಿನ ಮಟ್ಟಕ್ಕಿಂತ ಮೇಲೆ ಉಳಿದ ಭಾಗದಲ್ಲಿ ಮಸುಕು ಹಾಗೇ ಉಳಿಯುತ್ತದೆ. ನಡುವೆ ಒಂದು ಸಲ ಹೊರಳಿಸಿ, ಒಟ್ಟು ಅರ್ಧ ಗಂಟೆ. ಟಬ್ಬನ್ನು ಅಮೃತಶಿಲೆಯ ಕಟ್ಟೆ ಮೇಲೆ ಇಡಲು ಹೋಗಿದ್ದರು, ಬೇಡ ಅಂದೆ. ಅಮೃತಶಿಲೆಯೂ ಕ್ಯಾಲ್ಸಿಯಂ ಕಾರ್ಬೊನೇಟೇ. ಚೆಲ್ಲಿದ ಆಮ್ಲ ಲೋಟದ ಪೊರೆಯನ್ನು ತಿಂದ ಹಾಗೇ ಕಲ್ಲಿನ ಹೊಳಪನ್ನೂ ತಿನ್ನುತ್ತದೆ. ಚಿನ್ನದ ಅಂಚಿನ ಲೋಟ ಇದ್ದರೆ, ಅಥವಾ ಸೀಸ ಸೇರಿದ ಹಳೆಯ ಕ್ರಿಸ್ಟಲ್ ಲೋಟ ಇದ್ದರೆ, ಅವನ್ನು ಹೀಗೆ ನೆನೆಸಬಾರದು. ಇಲ್ಲಿ ಅಂಥವು ಇರಲಿಲ್ಲ.

ಆಮ್ಲದಿಂದ ತೆಗೆದ ಮೇಲೆ ಇನ್ನೊಂದು ಸಲ ಲಿಕ್ವಿಡ್ ಹಾಕಿ ತೊಳೆದೆವು. ಇದನ್ನು ಹಲವರು ಬಿಟ್ಟುಬಿಡುತ್ತಾರೆ. ಒಳಗಿನ ಪದರದಲ್ಲಿದ್ದ ಸೋಪಿನ ಕರಣೆ ಆಮ್ಲದಲ್ಲಿ ಮೇಣವಾಗಿ ಬಿಟ್ಟುಕೊಂಡಿರುತ್ತದೆ, ಅದನ್ನು ಎತ್ತಲು ಡಿಟರ್ಜೆಂಟೇ ಬೇಕು. ಮೂರು ಲೋಟದಲ್ಲಿ ಪೊರೆ ದಪ್ಪಗಿತ್ತು. ಅವಕ್ಕೆ ಲಿಕ್ವಿಡ್, ಆಮ್ಲ, ಲಿಕ್ವಿಡ್ ಅಂತ ಎರಡು ಸುತ್ತು ಮಾಡಬೇಕಾಯಿತು. ಕಡೆಗೂ ಉಳಿದ ಒಂದೆರಡು ಕಲೆಗೆ ಅಡುಗೆ ಸೋಡಾವನ್ನು ನೀರಲ್ಲಿ ಕಲಸಿ ಬೆರಳಲ್ಲಿ ತಿಕ್ಕಿದರೆ ಹೋಯಿತು. ಸೋಡಾ ಗಾಜಿಗಿಂತ ತುಂಬಾ ಮೆತ್ತಗೆ, ಗೀರುವುದಿಲ್ಲ. ಸೋಡಾವನ್ನೂ ವಿನೆಗರನ್ನೂ ಒಟ್ಟಿಗೆ ಹಾಕುವವರಿದ್ದಾರೆ. ಬುಸ್ ಅಂತ ನೊರೆ ಏಳುತ್ತದೆ, ನೋಡಲು ಚೆನ್ನ. ಆದರೆ ಎರಡೂ ಒಂದರ ಶಕ್ತಿಯನ್ನು ಇನ್ನೊಂದು ತಿಂದುಹಾಕುತ್ತವೆ. ಸುಣ್ಣ ಅಲ್ಲೇ ಉಳಿಯುತ್ತದೆ.

ಸ್ಟೀಲ್ ಲೋಟಗಳಲ್ಲಿ ಮೈ ಸುಲಭವಾಗಿ ಬೆಳಗಿತು. ಹತ್ತು ಹದಿನೈದು ನಿಮಿಷಕ್ಕೇ ಮಸುಕು ಬಿಟ್ಟಿತು. ತೊಂದರೆ ಕೊಟ್ಟದ್ದು ಬಾಯಿಯ ಅಂಚು. ಸ್ಟೀಲ್ ಲೋಟದ ಅಂಚನ್ನು ಹೊರಕ್ಕೆ ಮಡಿಸಿ ಸುರುಳಿ ಮಾಡಿರುತ್ತಾರೆ. ಆ ಮಡಿಕೆಯೊಳಗೆ ನೀರು ಸೇರಿಕೊಂಡು, ಒಣಗಿ, ಒಳಗೆಲ್ಲ ಸುಣ್ಣ ಕಟ್ಟಿರುತ್ತದೆ. ಹೊರಗೆ ಎಷ್ಟು ಬೆಳಗಿದರೂ ಮಾರನೇ ದಿನ ಅಂಚಿನ ಕೆಳಗೆ ಬಿಳಿ ಗೆರೆ ಇಳಿದಿರುತ್ತದೆ. ಅದಕ್ಕೆ ಬಾಯಿ ಕೆಳಗೆ ಮಾಡಿ, ಅಂಚಷ್ಟೇ ಮುಳುಗುವಂತೆ, ಇನ್ನೂ ಅರ್ಧ ಗಂಟೆ ನೆನೆಸಿ, ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ಮಡಿಕೆಯ ಸಂದಿಯನ್ನು ಸುತ್ತಲೂ ಉಜ್ಜಿದೆವು. ಆಮೇಲೆ ಶುದ್ಧ ನೀರಲ್ಲಿ ಅದ್ದಿ ತೆಗೆದು ಜಾಡಿಸುವುದನ್ನು ಮೂರು ನಾಲ್ಕು ಸಲ ಮಾಡಿದೆವು. ಇಲ್ಲದಿದ್ದರೆ ಆಮ್ಲ ಆ ಮಡಿಕೆಯಲ್ಲೇ ಉಳಿದು ಕುಡಿಯುವಾಗ ತುಟಿಗೆ ಹುಳಿ ತಾಗುತ್ತದೆ.

ಇಲ್ಲೊಂದು ಎಡವಟ್ಟೂ ಆಯಿತು. ಫಲಿತಾಂಶ ನೋಡಿ ಹುರುಪು ಬಂದ ಚಿಕ್ಕಮ್ಮ, ನೀರು ಕಾಯಿಸುವ ಪಾತ್ರೆಯನ್ನೂ ಸೇರಿಸಿಬಿಡೋಣ ಅಂತ, ಟಬ್ಬಿನ ಅದೇ ನೀರನ್ನು ಆ ಪಾತ್ರೆಗೆ ಸುರಿದು, ಎರಡು ಸ್ಟೀಲ್ ಲೋಟವನ್ನೂ ಅದರಲ್ಲೇ ಹಾಕಿ, ಒಲೆ ಮೇಲಿಟ್ಟು ಕುದಿಸಿದರು. ಪಾತ್ರೆಯ ತಳದಲ್ಲಿ ಮೊಟ್ಟೆ ಚಿಪ್ಪಿನಷ್ಟು ದಪ್ಪ ಸುಣ್ಣ ಇತ್ತು. ತೆಗೆದಾಗ ಆಗ ತಾನೇ ಬೆಳಗಿದ್ದ ಲೋಟಗಳ ಮೇಲೆ ಹಿಟ್ಟಿನಂಥ ಹೊಸ ಬಿಳಿ ಪುಡಿ. "ಅಯ್ಯೋ, ಮತ್ತೆ ಬಂತಲ್ಲ!" ಅಂದರು.

ಅದು ಹಳೆಯ ಸುಣ್ಣ ಅಲ್ಲ. ನಿಂಬೆ ಉಪ್ಪು ಸುಣ್ಣದ ಜೊತೆ ಸೇರಿ ಕ್ಯಾಲ್ಸಿಯಂ ಸಿಟ್ರೇಟ್ ಆಗುತ್ತದೆ. ಅದು ನೀರಲ್ಲಿ ಕರಗುವುದೇ ಕಡಿಮೆ. ವಿಚಿತ್ರ ಅಂದರೆ ನೀರು ಬಿಸಿಯಾದಷ್ಟೂ ಇನ್ನೂ ಕಡಿಮೆ ಕರಗುತ್ತದೆ. ಆಮ್ಲ ಧಾರಾಳವಾಗಿ ಇದ್ದು ಸುಣ್ಣ ಸ್ವಲ್ಪವೇ ಇದ್ದರೆ ತೊಂದರೆ ಇಲ್ಲ. ಲೋಟದ ತೆಳು ಪೊರೆಗೆ ಹಾಗೇ ಇತ್ತು. ದಪ್ಪ ಸುಣ್ಣದ ಪಾತ್ರೆಗೆ, ಮೊದಲೇ ಬಳಸಿದ ನೀರಿಗೆ, ಕುದಿ ಬೇರೆ ಸೇರಿದಾಗ ಪುಡಿಯಾಗಿ ಕೂತಿತು. ಹೊಸದಾಗಿ ಮಾಡಿದ ತಣ್ಣನೆ ನಿಂಬೆ ಉಪ್ಪಿನ ನೀರಲ್ಲಿ ಆ ಎರಡು ಲೋಟ ಅದ್ದಿ ಬಟ್ಟೆಯಿಂದ ಒರೆಸಿದೆವು, ಬಿಟ್ಟುಕೊಂಡಿತು. ದಪ್ಪ ಸುಣ್ಣದ ಪಾತ್ರೆಗೆ ವಿನೆಗರೇ ವಾಸಿ, ಅದರಿಂದ ಆಗುವ ಕ್ಯಾಲ್ಸಿಯಂ ಅಸಿಟೇಟ್ ನೀರಲ್ಲಿ ಸಲೀಸಾಗಿ ಕರಗುತ್ತದೆ.

ಸಂಜೆ ಹೊತ್ತಿಗೆ ಎಂಟು ಸ್ಟೀಲ್ ಲೋಟವೂ ಸರಿಹೋದವು. ಗಾಜಿನವು ಹನ್ನೆರಡರಲ್ಲಿ ಒಂಬತ್ತು. ಉಳಿದ ಮೂರರಲ್ಲಿ ಎರಡು, ಸ್ಟೀಲ್ ನಾರಿನಿಂದ ಉಜ್ಜಿದವು. ಪೊರೆ ಹೋಗಿತ್ತು, ಆದರೆ ಬೆಳಕಿಗೆ ಹಿಡಿದು ತಿರುಗಿಸಿದರೆ ಕೂದಲಿನಂಥ ಗೀರುಗಳು ಸುತ್ತುಸುತ್ತಾಗಿ ಕಾಣುತ್ತಿದ್ದವು.

ಮೂರನೆಯದರ ಕಥೆ ಬೇರೆ. ಅದು ಮಗನ ಮನೆಯಿಂದ ಬಂದ ಲೋಟ. ಅಲ್ಲಿ ವರ್ಷಗಟ್ಟಲೆ ಪಾತ್ರೆ ತೊಳೆಯುವ ಯಂತ್ರದಲ್ಲಿ ತೊಳೆದದ್ದು. ಎರಡು ಸುತ್ತು ಮಾಡಿದರೂ ಒಂದು ಗುಳ್ಳೆಯೂ ಏಳಲಿಲ್ಲ, ಗೆರೆಯೂ ಬೀಳಲಿಲ್ಲ. ಓರೆಯಾಗಿ ಹಿಡಿದರೆ ನೀರಿನ ಮೇಲೆ ಎಣ್ಣೆ ಬಿದ್ದಾಗಿನಂಥ ತೆಳು ಕಾಮನಬಿಲ್ಲು ಬಣ್ಣ. ಇದು ಮೇಲೆ ಕೂತ ಪೊರೆಯಲ್ಲ, ಗಾಜೇ ಸವೆದಿರುವುದು. ಬಿಸಿ ನೀರು, ಖಾರವಾದ ಕ್ಷಾರದ ಪುಡಿ, ಅದರ ಮೇಲೆ ತುಂಬಾ ಮೃದುವಾದ ನೀರು ಸೇರಿದರೆ ಗಾಜಿನ ಮೇಲ್ಮೈಯೇ ಸ್ವಲ್ಪ ಸ್ವಲ್ಪವಾಗಿ ಕರಗುತ್ತದೆ. ಗಡಸು ನೀರಿನ ಮಸುಕಿಗೂ ಇದಕ್ಕೂ ಹುಟ್ಟು ಉಲ್ಟಾ, ನೋಡಲು ಮಾತ್ರ ಅಣ್ಣತಮ್ಮಂದಿರ ಹಾಗೆ. ಇದಕ್ಕೆ ಯಾವ ಆಮ್ಲವೂ ಮದ್ದಲ್ಲ. ಚಿಕ್ಕಮ್ಮ ಆ ಲೋಟವನ್ನು ಬ್ರಶ್ಶು, ಚಮಚ ಇಡಲು ಸಿಂಕಿನ ಪಕ್ಕಕ್ಕೆ ಹಾಕಿಕೊಂಡರು.

ಸುಣ್ಣದ ಜೊತೆ ಸಿಲಿಕಾ ಜಾಸ್ತಿ ಇರುವ ನೀರಿನಲ್ಲೂ ಹೀಗೆ ಆಮ್ಲಕ್ಕೆ ಬಗ್ಗದ ಬಿಳಿ ಕರೆ ಕೂರುವುದುಂಟು. ಅದನ್ನು ಕರಗಿಸುವ ಹೈಡ್ರೋಫ್ಲೋರಿಕ್ ಆಮ್ಲ ಗಾಜನ್ನೂ ಕರಗಿಸುತ್ತದೆ, ಮನುಷ್ಯನ ಮೈಯನ್ನೂ ಸುಡುತ್ತದೆ. ಮನೆಯೊಳಗೆ ಅದರ ಹೆಸರೇ ಬೇಡ. ನುಣುಪಾದ ಪಾಲಿಶ್ ಪುಡಿಯಿಂದ ತಾಳ್ಮೆಯಾಗಿ ತಿಕ್ಕುವುದಷ್ಟೇ ಇರುವ ದಾರಿ.

ಮತ್ತೆ ಬರದ ಹಾಗೆ ಏನು ಮಾಡುವುದು ಅಂತ ಚಿಕ್ಕಮ್ಮ ಕೇಳಿದರು. ಸೋಪಿನ ಡಬ್ಬಿಯನ್ನು ಸಿಂಕಿನಿಂದ ಎತ್ತಿಟ್ಟರೆ ಅರ್ಧ ತೊಂದರೆ ಮುಗಿಯಿತು. ಉಳಿದರ್ಧ ಒಣಗುವ ನೀರಿನದು. ಎಲ್ಲ ಪಾತ್ರೆಯನ್ನೂ ಫಿಲ್ಟರ್ ನೀರಲ್ಲಿ ತೊಳೆಯುವುದು ಆಗದ ಮಾತು. ಆದರೆ ಲೋಟದ ಮೇಲೆ ಒಣಗುವುದು ಕೊನೆಯ ನೀರು ಮಾತ್ರ, ಅಲ್ವಾ? ಹಾಗಾಗಿ ಸಣ್ಣ ಬೇಸಿನ್ನಿನಲ್ಲಿ ಒಂದೂವರೆ ಲೀಟರ್ ಫಿಲ್ಟರ್ ನೀರು ಇಟ್ಟುಕೊಂಡು, ನಲ್ಲಿಯಲ್ಲಿ ತೊಳೆದ ಲೋಟವನ್ನು ಚೆನ್ನಾಗಿ ಜಾಡಿಸಿ, ಅದರಲ್ಲಿ ಒಂದು ಸಲ ಅದ್ದಿ ಬೋರಲು ಹಾಕುವುದು. ಜಾಡಿಸದೆ ಅದ್ದಿದರೆ ನಲ್ಲಿ ನೀರೆಲ್ಲ ಬೇಸಿನ್ನಿಗೆ ಇಳಿದು ಅದೂ ಗಡಸಾಗುತ್ತದೆ. ಫಿಲ್ಟರ್ ನೀರು ಇಲ್ಲದ ದಿನ ತೊಳೆದ ತಕ್ಷಣ ಹತ್ತಿ ಬಟ್ಟೆಯಲ್ಲಿ ಒರೆಸುವುದು. ನೀರನ್ನು ಬಟ್ಟೆ ಹೀರಿಕೊಂಡರೆ ಸುಣ್ಣವೂ ಬಟ್ಟೆಗೆ ಹೋಯಿತು. ಒರೆಸಿದ ಬಟ್ಟೆ ಕೆಲವು ವಾರಕ್ಕೆ ಬಿರುಸಾಗುತ್ತದೆ, ಆಗ ಅದನ್ನೂ ವಿನೆಗರ್ ಹಾಕಿದ ನೀರಲ್ಲಿ ಅದ್ದಿ ತೆಗೆಯಬೇಕು.

ಅವರ ಮನೆಯಲ್ಲಿ ಟಿಡಿಎಸ್ ಮೀಟರ್ ಒಂದಿತ್ತು. ಅದರಲ್ಲಿ ನಂಬರ್ ಕಡಿಮೆ ಬಂದರೆ ಸಾಕಾ ಅಂತ ಕೇಳಿದರು. ಆ ಮೀಟರ್ ನೀರಲ್ಲಿ ಕರಗಿದ ಎಲ್ಲ ಲವಣವನ್ನೂ ಒಟ್ಟಾಗಿ ಅಂದಾಜು ಮಾಡುತ್ತದೆ. ಅದರಲ್ಲಿ ಸುಣ್ಣದ ಪಾಲು ಎಷ್ಟು ಅಂತ ಹೇಳುವುದಿಲ್ಲ. ನೀರನ್ನು ಮೃದುಗೊಳಿಸುವ ಯಂತ್ರ ಹಾಕಿಸಿದವರ ಮನೆಯಲ್ಲಿ ಕ್ಯಾಲ್ಸಿಯಂ ಹೋಗಿ ಆ ಜಾಗಕ್ಕೆ ಸೋಡಿಯಂ ಬಂದಿರುತ್ತದೆ, ಮೀಟರಿನ ನಂಬರ್ ಹೆಚ್ಚುಕಡಿಮೆ ಹಾಗೇ ಇರುತ್ತದೆ. ಗಡಸುತನಕ್ಕೆ ಪಟ್ಟಿಯೇ ಬೇಕು, ಇಲ್ಲವಾದರೆ ಬಾಟಲಿಯ ಸೋಪಿನ ಪರೀಕ್ಷೆ.

ಮೂರು ತಿಂಗಳ ಮೇಲೆ ಮತ್ತೆ ಹೋಗಿದ್ದೆ. ಒಂಬತ್ತು ಗಾಜಿನ ಲೋಟಗಳೂ ತಿಳಿಯಾಗೇ ಇದ್ದವು. ಸ್ಟೀಲಿನವುಗಳಲ್ಲಿ ಮೂರರ ಅಂಚಿನ ಕೆಳಗೆ ಸಣ್ಣ ಬಿಳಿ ಗೆರೆ ಮೂಡಿತ್ತು. ಅಷ್ಟನ್ನು ಮಾತ್ರ ತಟ್ಟೆಯ ವಿನೆಗರಿನಲ್ಲಿ ಬೋರಲು ಹಾಕಿ ಹತ್ತು ನಿಮಿಷ ಬಿಟ್ಟೆವು. ಈ ಸಲ ಜಿಡ್ಡಿನ ಹೊದಿಕೆ ಇರಲಿಲ್ಲ, ಇಟ್ಟ ಕೂಡಲೇ ಗುಳ್ಳೆ ಎದ್ದಿತು. ಚಿಕ್ಕಮ್ಮ ಕನ್ನಡಕ ಏರಿಸಿಕೊಂಡು ಬಗ್ಗಿ ಅದನ್ನೇ ನೋಡುತ್ತಿದ್ದರು.